ಬಕೆಟ್ಟನ್ನು ಬಿಚ್ಚಿ ಹಾಸಿದರೆ

ಚಹಾ ಕುಡಿದು ಎಸೆಯುವ ಕಾಗದದ ಲೋಟವನ್ನು ಅಂಟಿನ ಗೆರೆಯ ಗುಂಟ ಬಿಡಿಸಿ, ತಳದ ಬಿಲ್ಲೆ ಕಿತ್ತು, ಮೇಜಿನ ಮೇಲೆ ಹಾಸಿ ನೋಡಿ. ನೇರ ಅಂಚಿನ ಪಟ್ಟಿ ಸಿಗುವುದಿಲ್ಲ; ಬೀಸಣಿಗೆಯಂತೆ ಬಾಗಿದ ತುಂಡು ಸಿಗುತ್ತದೆ. ಅದರ ಮೇಲಂಚು, ಕೆಳಂಚು ಎರಡೂ ವೃತ್ತದ ಕಂಸಗಳು. ಎರಡಕ್ಕೂ ಕೇಂದ್ರ ಒಂದೇ.

ತಗಡಿನ ಬಕೆಟ್, ಆಲಿಕೆ, ದೀಪದ ಛತ್ರಿ, ಹಿಟ್ಟಿನ ಗಿರಣಿಯಲ್ಲಿ ಧಾನ್ಯ ಸುರಿಯುವ ದುಂಡು ಬಾಯಿ, ಎರಡು ಅಳತೆಯ ಕೊಳವೆಗಳನ್ನು ಕೂಡಿಸುವ ತುಂಡು ಇವೆಲ್ಲವೂ ಇದೇ ಆಕಾರದವು. ಶಾಲೆಯ ಗಣಿತ ಇದನ್ನು ಶಂಕುವಿನ ಭಿನ್ನಕ ಎನ್ನುತ್ತದೆ. ಮಾಡಿಸುವವರು ಹೇಳುವುದು ಬಾಯಿಯ ವ್ಯಾಸ, ತಳದ ವ್ಯಾಸ, ಎತ್ತರ ಎಂಬ ಮೂರೇ ಅಳತೆ. ಚಪ್ಪಟೆ ತಗಡಿನ ಮೇಲೆ ಎಳೆಯಬೇಕಾದ ಗೆರೆಗಳಲ್ಲಿ ಈ ಮೂರರಲ್ಲಿ ಒಂದೂ ನೇರವಾಗಿ ಕಾಣಿಸುವುದಿಲ್ಲ. ಅಲ್ಲಿ ಬೇಕಾದದ್ದು ಎರಡು ತ್ರಿಜ್ಯ ಮತ್ತು ಒಂದು ಕೋನ.

ಬಾಯಿ 300 ಮಿ.ಮೀ., ತಳ 200 ಮಿ.ಮೀ., ಎತ್ತರ 250 ಮಿ.ಮೀ. ಇರುವ ಬಕೆಟ್ಟನ್ನೇ ತೆಗೆದುಕೊಳ್ಳೋಣ. ಬಾಯಿಯ ತ್ರಿಜ್ಯ 150, ತಳದ್ದು 100. ಅಂದರೆ 250 ಮಿ.ಮೀ. ಕೆಳಗಿಳಿಯುವಷ್ಟರಲ್ಲಿ ತ್ರಿಜ್ಯ 50 ಮಿ.ಮೀ. ಕುಗ್ಗುತ್ತದೆ. ಬಕೆಟ್ಟಿನ ಗೋಡೆ ತಳದಲ್ಲಿ ನಿಲ್ಲದೆ ಹಾಗೇ ಇಳಿಯುತ್ತಾ ಹೋದರೆ ಪೂರ್ತಿ 150 ಕರಗಿ ಮೊನೆ ಸೇರುವುದು ಮೂರು ಪಟ್ಟು ಆಳದಲ್ಲಿ, 750 ಮಿ.ಮೀ.ಗೆ. ಅಲ್ಲಿಗೆ ನಮ್ಮ ಬಕೆಟ್ಟು ಒಂದು ದೊಡ್ಡ ಶಂಕುವಿನ ತುದಿ ಕತ್ತರಿಸಿ ಉಳಿದ ಭಾಗವಾಯಿತು. ಕಾಣದ ಆ ಮೊನೆಯೇ ಎರಡೂ ಕಂಸಗಳ ಕೇಂದ್ರ.

ಮೊನೆಯಿಂದ ಬಾಯಿಯ ಅಂಚಿಗೆ ಗೋಡೆಯ ಗುಂಟ ಎಷ್ಟು ದೂರ? 750 ಮತ್ತು 150 ಬಾಹುಗಳಿರುವ ಲಂಬಕೋನ ತ್ರಿಭುಜಕ್ಕೆ ಪೈಥಾಗೊರಸ್ ನಿಯಮ ಹಾಕಿದರೆ 764.9 ಬರುತ್ತದೆ. ತಳದ ಅಂಚಿಗೆ, 500 ಮತ್ತು 100 ಇಟ್ಟುಕೊಂಡರೆ, 509.9. ಇವೇ ಹೊರ ಮತ್ತು ಒಳ ತ್ರಿಜ್ಯಗಳು. ಇವುಗಳ ವ್ಯತ್ಯಾಸ 255 ಮಿ.ಮೀ., ಅದೇ ಗೋಡೆಯ ಓರೆ ಎತ್ತರ. ಹೊಸಬರು ಓರೆ ಎತ್ತರದ ಜಾಗದಲ್ಲಿ ನೇರ ಎತ್ತರವನ್ನೇ ಹಾಕಿಬಿಡುವುದುಂಟು. ಬಕೆಟ್ಟಿನಲ್ಲಿ ಅದರಿಂದ ಎತ್ತರ ಐದೇ ಮಿ.ಮೀ. ಕಡಿಮೆಯಾಗುತ್ತದೆ, ಯಾರೂ ಗಮನಿಸದೇ ಇರಬಹುದು. ಆದರೆ ಮೇಲೆ 120, ಕೆಳಗೆ 300 ವ್ಯಾಸದ, 120 ಎತ್ತರದ ದೀಪದ ಛತ್ರಿಗೆ ಹೀಗೆ ಮಾಡಿದರೆ ಕೈಗೆ ಬರುವ ಛತ್ರಿಯ ಎತ್ತರ 79 ಮಿ.ಮೀ. ಮಾತ್ರ. ಗೋಡೆ ಹೆಚ್ಚು ಮಲಗಿದಷ್ಟೂ ಈ ತಪ್ಪು ಬೆಳೆಯುತ್ತದೆ.

ಇನ್ನು ಕೋನ. ಹೊರ ಕಂಸವನ್ನು ಸುತ್ತಿದಾಗ ಅದು ಬಾಯಿಯ ಸುತ್ತಳತೆಯಾಗಬೇಕು, ಅಂದರೆ 942.5 ಮಿ.ಮೀ. 764.9 ತ್ರಿಜ್ಯದ ಪೂರ್ಣ ವೃತ್ತದಲ್ಲಿ ಅಷ್ಟು ಉದ್ದ ಎಷ್ಟು ಪಾಲೋ, 360 ಡಿಗ್ರಿಯಲ್ಲಿ ಅಷ್ಟೇ ಪಾಲು ಕೋನ. 150ನ್ನು 764.9ರಿಂದ ಭಾಗಿಸಿ 360ರಿಂದ ಗುಣಿಸಿದರೆ 70.6 ಡಿಗ್ರಿ. ಬಾಯಿಯ ತ್ರಿಜ್ಯ R, ತಳದ್ದು r, ಎತ್ತರ h, ಓರೆ ಎತ್ತರ s ಎಂದರೆ ಇಷ್ಟೇ:

```
s = √(h² + (R − r)²)
ಹೊರ ತ್ರಿಜ್ಯ = s × R / (R − r)
ಒಳ ತ್ರಿಜ್ಯ = s × r / (R − r)
ಕೋನ = 360 × (R − r) / s
```

ಲೆಕ್ಕ ಇಲ್ಲಿಗೆ ಮುಗಿಯಿತು. ಕೆಲಸ ಕೆಡುವುದು ಸಾಮಾನ್ಯವಾಗಿ ಇದರ ನಂತರ, ಅಳತೆಯನ್ನು ತಗಡಿಗೆ ಇಳಿಸುವಾಗ.

ಮುಕ್ಕಾಲು ಮೀಟರಿಗೂ ಮೀರಿದ ತ್ರಿಜ್ಯಕ್ಕೆ ಶಾಲೆಯ ಕೈವಾರ ಸಾಲದು. ದಾರ ಹಿಗ್ಗುತ್ತದೆ, ನಂಬುವಂತಿಲ್ಲ. ಮರದ ಪಟ್ಟಿಯೊಂದರ ತುದಿಗೆ ಮೊಳೆ ಹೊಡೆದು, 509.9 ಮತ್ತು 764.9ರಲ್ಲಿ ಗೀಚುವ ಮೊನೆ ಕೂರಿಸಿ ತಿರುಗಿಸುವುದು ವಾಸಿ. ಕೇಂದ್ರ ತಗಡಿನ ಹೊರಗೆ ಬಿದ್ದರೆ ಪಕ್ಕದಲ್ಲಿ ಅಷ್ಟೇ ದಪ್ಪದ ತುಂಡೊಂದನ್ನು ಅಲುಗದಂತೆ ಇಟ್ಟುಕೊಂಡರಾಯಿತು. ಕಂಸಗಳು ಬಂದ ಮೇಲೆ 70.6 ಡಿಗ್ರಿ ಗುರುತಿಸಲು ಕೋನಮಾಪಕಕ್ಕೆ ಕೈ ಹಾಕಿದರೆ ಕೆಟ್ಟಿತು. ಅಷ್ಟು ದೂರದಲ್ಲಿ ಒಂದು ಡಿಗ್ರಿ ಎಂದರೆ 13 ಮಿ.ಮೀ.ಗೂ ಹೆಚ್ಚು, ಬಾಯಿಯ ವ್ಯಾಸದಲ್ಲಿ ನಾಲ್ಕು ಮಿ.ಮೀ. ಏರುಪೇರು. ಕೈಯಲ್ಲಿ ಹಿಡಿಯುವ ಪುಟ್ಟ ಕೋನಮಾಪಕದಲ್ಲಿ ಅರ್ಧ ಡಿಗ್ರಿ ತಪ್ಪುವುದೇನೂ ದೊಡ್ಡ ಮಾತಲ್ಲ.

ಇದಕ್ಕೆ ಒಳ್ಳೆಯ ದಾರಿ ಜ್ಯಾ, ಅಂದರೆ ಹೊರ ಕಂಸದ ಎರಡು ತುದಿಗಳ ನಡುವಿನ ನೇರ ದೂರ. ಹೊರ ತ್ರಿಜ್ಯದ ಎರಡು ಪಟ್ಟನ್ನು ಅರ್ಧ ಕೋನದ ಸೈನಿನಿಂದ ಗುಣಿಸಿದರೆ ಅದು ಸಿಗುತ್ತದೆ. ನಮ್ಮ ಬಕೆಟ್ಟಿಗೆ 884 ಮಿ.ಮೀ. ಕಂಸದ ಒಂದು ತುದಿಯಿಂದ ಸ್ಟೀಲ್ ಟೇಪ್ ಎಳೆದು 884ರಲ್ಲಿ ಕಂಸವನ್ನು ಮುಟ್ಟುವ ಬಿಂದು ಗುರುತಿಸಿ, ಎರಡೂ ತುದಿಗಳನ್ನು ಕೇಂದ್ರಕ್ಕೆ ಸೇರಿಸಿದರೆ ಪಕ್ಕದ ಅಂಚುಗಳು ಬಂದಂತೆ. ಒಳ ಕಂಸದ ಜ್ಯಾ 589 ಬಂದರೆ ಎಲ್ಲ ಸರಿಯಿದೆ.

ಡ್ರಾಯಿಂಗ್ ತರಗತಿಯಲ್ಲಿ ಕಲಿಸುವ ಇನ್ನೊಂದು ಕ್ರಮವಿದೆ: ಬಾಯಿಯ ವೃತ್ತವನ್ನು 12 ಪಾಲು ಮಾಡಿ, ಒಂದು ಪಾಲಿನ ಅಂತರವನ್ನು ಕೈವಾರದಲ್ಲಿ ಹಿಡಿದು, ಹೊರ ಕಂಸದ ಮೇಲೆ ಹನ್ನೆರಡು ಹೆಜ್ಜೆ ಇಡುವುದು. ಪರೀಕ್ಷೆಯ ಹಾಳೆಗೆ ಅದು ಸಾಕು. ಆದರೆ ಕೈವಾರ ಹಿಡಿಯುವುದು ನೇರ ದೂರವನ್ನು, 77.6 ಮಿ.ಮೀ.; ಬಾಗಿದ ಅಂಚಿನ ಪಾಲು 78.5. ಹನ್ನೆರಡು ಹೆಜ್ಜೆ ಮುಗಿಯುವಾಗ 10 ಮಿ.ಮೀ. ಕೊರತೆ ಬಿದ್ದಿರುತ್ತದೆ, ಬಾಯಿ 297ಕ್ಕೆ ಇಳಿದಿರುತ್ತದೆ. ತಳವೂ ಅದೇ ಪ್ರಮಾಣದಲ್ಲಿ ಕಿರಿದಾಗಿ, 200ಕ್ಕೆ ಕತ್ತರಿಸಿಟ್ಟ ಬಿಲ್ಲೆ ಕೂರುವುದಿಲ್ಲ. ಹೆಜ್ಜೆಗಳನ್ನು 24 ಮಾಡಿದರೆ ಕೊರತೆ ಎರಡೂವರೆ ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ.

ಕತ್ತರಿಸುವ ಮುನ್ನ ಮಡಿಕೆಗೆ ಜಾಗ ಬಿಡಬೇಕು. ಎರಡು ಅಂಚುಗಳನ್ನು ಕೊಕ್ಕೆಯಂತೆ ಮಡಿಸಿ ಒಂದಕ್ಕೊಂದು ಸಿಕ್ಕಿಸುವ ಬೆಸುಗೆಗೆ ಮಡಿಕೆಯ ಅಗಲದ ಮೂರು ಪಟ್ಟು ತಗಡು ಹಿಡಿಯುತ್ತದೆ. 6 ಮಿ.ಮೀ. ಮಡಿಕೆಗೆ ಒಟ್ಟು 18, ಅಂದರೆ ಪ್ರತಿ ಪಕ್ಕಕ್ಕೆ 9. ಈ ಒಂಬತ್ತನ್ನು ಪಕ್ಕದ ಗೆರೆಗೆ ಸಮಾಂತರವಾಗಿ ಎಳೆಯಬೇಕು. ಕೋನವನ್ನೇ ಹಿಗ್ಗಿಸಿಬಿಟ್ಟರೆ ಜಾಗ ಬಾಯಿಯ ಬಳಿ ಅಗಲ, ತಳದ ಬಳಿ ಇಕ್ಕಟ್ಟಾಗಿ, ಮಡಿಕೆ ಕೆಳಗೆ ಕಚ್ಚುವುದಿಲ್ಲ. ಬಾಯಿಯ ಅಂಚಿಗೆ ತಂತಿ ಸುತ್ತುವುದಿದ್ದರೆ ತಂತಿಯ ದಪ್ಪದ ಎರಡೂವರೆ ಪಟ್ಟು ಬೇರೆ.

ತಗಡಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಅರ್ಧ ಮಿ.ಮೀ. ತಗಡಿನಲ್ಲಿ ಅದನ್ನು ಮರೆತರೂ ನಡೆದೀತು. 5 ಮಿ.ಮೀ. ಪ್ಲೇಟಿನಲ್ಲಿ ನಡೆಯದು. ಬಾಗಿಸಿದಾಗ ಹೊರಮೈ ಹಿಗ್ಗಿ ಒಳಮೈ ಕುಗ್ಗುತ್ತದೆ, ಉದ್ದ ಹೆಚ್ಚುಕಡಿಮೆ ಬದಲಾಗದೆ ಉಳಿಯುವುದು ನಡುವಿನ ಪದರ. ಹಾಗಾಗಿ ಹೊರಗಿನ ವ್ಯಾಸ 300 ಇದ್ದರೆ ಲೆಕ್ಕಕ್ಕೆ ಹಾಕಬೇಕಾದದ್ದು 295. ತಪ್ಪಿ 300 ಹಾಕಿದರೆ ಸುತ್ತಳತೆಯಲ್ಲಿ ಸುಮಾರು 16 ಮಿ.ಮೀ. ಮಿಕ್ಕುತ್ತದೆ.

ಬಾಯಿ, ತಳ ಹೆಚ್ಚುಕಡಿಮೆ ಒಂದೇ ಇರುವಾಗ ಬೇರೆಯೇ ಪೇಚು. 300 ಮತ್ತು 290 ವ್ಯಾಸಕ್ಕೆ, ಅದೇ 250 ಎತ್ತರಕ್ಕೆ, ಹೊರ ತ್ರಿಜ್ಯ ಏಳೂವರೆ ಮೀಟರ್! ಅಷ್ಟುದ್ದದ ಪಟ್ಟಿ ತಿರುಗಿಸಲು ಅಂಗಡಿಯಲ್ಲಿ ಜಾಗವೆಲ್ಲಿ? ಇಷ್ಟು ಸಣ್ಣ ಬಾಗಿಗೆ ಕಂಸವೇ ಬೇಡ, ನೇರ ಗೆರೆ ಸಾಕು ಎನಿಸಬಹುದು. ಆದರೆ ಆ ಕಂಸದ ನಡುಭಾಗ ಜ್ಯಾಗಿಂತ 15 ಮಿ.ಮೀ. ಮೇಲಿರುತ್ತದೆ. ನೇರವಾಗಿ ಕತ್ತರಿಸಿ ಸುತ್ತಿದರೆ ಬಾಯಿ ಬೆಸುಗೆಯ ಕಡೆ ಎತ್ತರ, ಎದುರು ಬದಿಯಲ್ಲಿ ತಗ್ಗು. (ಮೊದಲಿನ ಬಕೆಟ್ಟಿನಲ್ಲಿ ಈ ತಗ್ಗು 141 ಮಿ.ಮೀ.!) ಇಂಥಲ್ಲಿ 942 ಮಿ.ಮೀ. ಉದ್ದದ ನೇರ ಗೆರೆ ಎಳೆದು, ಅದರ ನಡುವಿನಿಂದ 15 ಮಿ.ಮೀ. ಮೇಲೆ ಚುಕ್ಕೆ ಇಟ್ಟು, ಬಳುಕುವ ತೆಳು ಸ್ಟೀಲ್ ಪಟ್ಟಿಯನ್ನು ಮೂರೂ ಬಿಂದುಗಳಿಗೆ ತಾಗುವಂತೆ ಬಾಗಿಸಿ ಗೆರೆ ಎಳೆಯುತ್ತಾರೆ. ಒಳ ಕಂಸಕ್ಕೂ ಹಾಗೆಯೇ.

ಈ ಸೂತ್ರ ನಡೆಯುವುದು ಬಾಯಿಯ ನಡುಬಿಂದು ತಳದ ನಡುಬಿಂದುವಿನ ನೇರ ಮೇಲೆ ಇದ್ದಾಗ ಮಾತ್ರ. ಒಂದು ಪಕ್ಕ ಲಂಬವಾಗಿ, ಇನ್ನೊಂದು ಪಕ್ಕ ಓರೆಯಾಗಿ ನಿಲ್ಲುವ ಕೊಳವೆಯ ತುಂಡಿನಲ್ಲಿ ಓರೆ ಎತ್ತರ ಸುತ್ತಲೂ ಬದಲಾಗುತ್ತಾ ಹೋಗುತ್ತದೆ. ಅದರ ಮೈಯನ್ನು ಸಣ್ಣ ಸಣ್ಣ ತ್ರಿಭುಜಗಳಾಗಿ ಒಡೆದು, ಒಂದೊಂದನ್ನೂ ನಿಜವಾದ ಉದ್ದಕ್ಕೆ ತಗಡಿನ ಮೇಲೆ ಜೋಡಿಸಬೇಕಾಗುತ್ತದೆ.