ಪರೀಕ್ಷೆ-2ಕ್ಕೆ ಕೂರುವವರು ಯಾರು?

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ತಾಲ್ಲೂಕುಗಳು. 2024ರಲ್ಲಿ ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ಇಡೀ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಮೂರು ಬಾರಿ ಬರೆಯುವ ಅವಕಾಶವೂ ಅದೇ ವರ್ಷ ಶುರುವಾಯಿತು. ಈ ತಾಲ್ಲೂಕುಗಳಲ್ಲಿ ಗಣಿತದಲ್ಲಿ ಫೇಲಾದವರಲ್ಲಿ ಒಬ್ಬ ಪರೀಕ್ಷೆ-2ಕ್ಕೆಂದು ಮರುದಿನವೇ ಪುಸ್ತಕ ತೆಗೆಯುತ್ತಾನೆ, ಇನ್ನೊಬ್ಬ ಹೊಲದ ದಾರಿ ಹಿಡಿಯುತ್ತಾನೆ. ಯಾಕೆ?

ಈ ಭಾಗದಲ್ಲಿ ಎರಡು ಮಾತು ಕೇಳಿಬರುತ್ತವೆ. "ಹಣ್ಯಾಗ ಬರದಂಗ ಆಗತೈತಿ" ಅನ್ನುವುದು ಒಂದು. "ಗಣಿತ ನನ್ನ ಕಡಿಂದ ಆಗಂಗಿಲ್ಲ" ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಫಲಿತಾಂಶದ ಹಗ್ಗ ಬೇರೆಯವರ ಕೈಯಲ್ಲಿದೆ. ಹಗ್ಗ ಯಾರ ಕೈಯಲ್ಲಿದೆ ಎಂಬ ನಂಬಿಕೆಯನ್ನು ಮನಶ್ಶಾಸ್ತ್ರಜ್ಞರು ನಿಯಂತ್ರಣದ ನೆಲೆ ಎನ್ನುತ್ತಾರೆ; ಅದನ್ನು ಅಳೆಯಲು ಜೂಲಿಯನ್ ರಾಟರ್ 1966ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಎರಡನೆಯದು ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ ಸ್ವಸಾಮರ್ಥ್ಯದ ನಂಬಿಕೆಯ ಕೊರತೆ. ಓದಿದವರು ಪಾಸಾಗುತ್ತಾರೆಂದು ಪೂರ್ತಿ ಒಪ್ಪುವ ಹುಡುಗಿಯೂ ತನ್ನಿಂದ ಆಗದು ಎಂದುಕೊಳ್ಳಬಹುದು. ಅವಳಿಗೆ "ಕಷ್ಟಪಡು" ಎಂದರೆ ಮೊದಲೇ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದಂತಾಗುತ್ತದೆ.

ಈ ನಂಬಿಕೆಯ ಕೊರತೆಗೆ ಮದ್ದು 1981ರ ಒಂದು ಪ್ರಯೋಗದಲ್ಲಿ ಸಿಗುತ್ತದೆ. ಬಂಡೂರ ಮತ್ತು ಡೇಲ್ ಶಂಕ್ ಕಳೆಯುವ ಲೆಕ್ಕದಲ್ಲಿ ತೀರಾ ಹಿಂದುಳಿದ ಮಕ್ಕಳಿಗೆ 42 ಪುಟಗಳ ಅಭ್ಯಾಸ ಕೊಟ್ಟರು. ಒಂದು ಗುಂಪಿಗೆ ಪ್ರತಿ ಸಲ ಆರು ಪುಟದ ಗುರಿ, ಮತ್ತೊಂದಕ್ಕೆ ಕೊನೆಯೊಳಗೆ ಎಲ್ಲ ಮುಗಿಸುವ ಗುರಿ, ಮಗದೊಂದಕ್ಕೆ ಗುರಿಯೇ ಇಲ್ಲ. ಆರು ಪುಟದವರ ಲೆಕ್ಕವೂ ಸುಧಾರಿಸಿತು, ಆತ್ಮವಿಶ್ವಾಸವೂ ಏರಿತು, ಲೆಕ್ಕದ ಮೇಲೆ ಆಸಕ್ತಿಯೂ ಹುಟ್ಟಿತು. ದೂರದ ಗುರಿಯಿಂದ ಅಷ್ಟು ಪ್ರಯೋಜನವಾಗಲಿಲ್ಲ.

ಹುಕ್ಕೇರಿಯ ಹತ್ತನೇ ತರಗತಿಯಲ್ಲಿ ಇದು ಹೀಗೆ ನಡೆಯಬಹುದು. ವರ್ಗ ಸಮೀಕರಣದ ಅಧ್ಯಾಯವನ್ನು ಇಡಿಯಾಗಿ ಹೊರಿಸದೆ, ಮೊದಲ ದಿನ x² + 5x + 6 ಮಾತ್ರ ಕೊಡಬೇಕು. ಕೂಡಿದರೆ 5, ಗುಣಿಸಿದರೆ 6 ಆಗುವ ಎರಡು ಸಂಖ್ಯೆ ಹುಡುಕುವುದಷ್ಟೇ ಕೆಲಸ. ಬಿಡಿಸುವ ಮುನ್ನ "ಇದು ನಿನ್ನಿಂದ ಆಗತೈತೇನು? ನೂರಕ್ಕೆ ಎಷ್ಟು?" ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. 20 ಎಂದವಳ ಉತ್ತರ ಸರಿಯಾದರೆ ಕೊರತೆ ನಂಬಿಕೆಯದು. 90 ಎಂದವನ ಉತ್ತರ ತಪ್ಪಾದರೆ ಹುರಿದುಂಬಿಸುವುದು ವ್ಯರ್ಥ, ಅವನಿಗೆ ಪಾಠವೇ ಬೇಕು.

ಬರೀ ಸುಲಭದ ಲೆಕ್ಕಗಳಿಂದಲೂ ಕೆಲಸ ಕೆಡುತ್ತದೆ. ಕ್ಯಾರಲ್ ಡ್ವೆಕ್ 1975ರ ಅಧ್ಯಯನದಲ್ಲಿ, ಸೋಲು ಕಂಡರೆ ಕೈಚೆಲ್ಲುವ ಮಕ್ಕಳಲ್ಲಿ ಕೆಲವರಿಗೆ ಗೆಲುವನ್ನಷ್ಟೇ ಉಣಿಸಿದರು. ಮುಂದೆ ಸೋತಾಗ ಅವರು ಮತ್ತೆ ಕುಸಿದರು. ನಡುನಡುವೆ ಸೋತು, ಆ ಸೋಲು ಪ್ರಯತ್ನ ಸಾಲದ್ದರಿಂದ ಬಂದದ್ದು ಎಂದು ಕಲಿತವರು ಬಿಡದೆ ಮುಂದುವರಿದರು.

ಆದರೆ ಎಲ್ಲ ಸೋಲನ್ನೂ ಮಗುವಿನ ತಲೆಗೆ ಕಟ್ಟುವುದು ಅನ್ಯಾಯ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೂ ಮೂಡಲಗಿಯ ಹಳ್ಳಿಗಳಿಗೂ ನುಗ್ಗಿದಾಗ ಮನೆಗಳೇ ಮುಳುಗಿದವು. ಆ ವರ್ಷ "ನನ್ನ ಕೈಯಾಗ ಏನೂ ಇರಲಿಲ್ಲ" ಎಂದ ಹುಡುಗನದು ಸೋಮಾರಿತನದ ನೆಪವಾಗಿರಲಿಲ್ಲ, ನಡೆದ ಸಂಗತಿಯೇ ಆಗಿತ್ತು. ಅಂಥವನಿಗೆ ಮೊದಲು ಬೇಕಾದದ್ದು ಹೊಸ ಪುಸ್ತಕ, ಕೂತು ಓದಲು ಒಣಗಿದ ಜಾಗ, ತಪ್ಪಿಹೋದ ಪಾಠಗಳ ಮರುತರಗತಿ.