ಗೆರೆಯ ಮೇಲಿನ ಖರ್ಚು, ಗೆರೆಯ ಕೆಳಗಿನ ಖರ್ಚು

ಚಿತ್ರದ ಬಜೆಟ್ಟಿನ ಮೊದಲ ಪುಟಕ್ಕೆ ಟಾಪ್ ಶೀಟ್ ಎಂದು ಹೆಸರು. ಈ ಪುಟದ ನಡುವೆ ಒಂದು ಅಡ್ಡಗೆರೆ ಇರುತ್ತದೆ. ಹಾಲಿವುಡ್ ಸ್ಟುಡಿಯೋಗಳ ಲೆಕ್ಕಪತ್ರದಿಂದ ಬಂದ ರೂಢಿ ಇದು. ಕಥೆಯ ಹಕ್ಕು, ಚಿತ್ರಕಥೆ, ನಿರ್ಮಾಪಕ, ನಿರ್ದೇಶಕ, ಮುಖ್ಯ ಕಲಾವಿದರು ಗೆರೆಯ ಮೇಲೆ, ಅಂದರೆ 'ಅಬೌ ದ ಲೈನ್'. ತಂತ್ರಜ್ಞರು, ಕ್ಯಾಮೆರಾ, ಊಟ, ವಾಹನ, ಸಂಕಲನ ಎಲ್ಲವೂ ಗೆರೆಯ ಕೆಳಗೆ, 'ಬಿಲೋ ದ ಲೈನ್'.

ಈ ವಿಂಗಡಣೆಗೂ ಅಂತಸ್ತಿಗೂ ಸಂಬಂಧವಿಲ್ಲ. ಮೇಲಿನ ಮೊತ್ತಗಳು ಚಿತ್ರೀಕರಣಕ್ಕೆ ಮೊದಲೇ ಮಾತುಕತೆಯಲ್ಲಿ ತೀರ್ಮಾನವಾಗುತ್ತವೆ. ಶೂಟಿಂಗ್ ಒಂದು ದಿನ ಹೆಚ್ಚಾದರೂ ಅವು ಸಾಮಾನ್ಯವಾಗಿ ಅಲುಗುವುದಿಲ್ಲ. ಕೆಳಗಿನವುಗಳಲ್ಲಿ ಹೆಚ್ಚಿನವು ದಿನಗಳ ಜೊತೆ ಬೆಳೆಯುತ್ತವೆ. ಛಾಯಾಗ್ರಾಹಕ ಚಿತ್ರದ ಕಣ್ಣೇ ಆಗಿದ್ದರೂ ಗೆರೆಯ ಕೆಳಗೆ ಬರುವುದು ಇದರಿಂದಲೇ.

ಒಂದು ಕಲ್ಪಿತ ಉದಾಹರಣೆ: 15 ನಿಮಿಷದ ಚಿತ್ರ, ಸಾಗರದ ಕಡೆಯ ಹಳೆಯ ಮನೆ, ಇಬ್ಬರು ಮುಖ್ಯ ಕಲಾವಿದರು, 3 ದಿನದ ಚಿತ್ರೀಕರಣ, ಸೆಟ್‌ನಲ್ಲಿ 18 ಜನ. ಗೆರೆಯ ಮೇಲೆ ಕಥೆಯ ಹಕ್ಕಿಗೆ 15,000 ರೂಪಾಯಿ, ಚಿತ್ರಕಥೆಗೆ 15,000, ನಿರ್ದೇಶನಕ್ಕೆ 40,000, ಕಲಾವಿದರಿಬ್ಬರಿಗೆ ಒಟ್ಟಾಗಿ 30,000: ಸರಿಯಾಗಿ 1,00,000.

ಗೆರೆಯ ಕೆಳಗೆ ತಂತ್ರಜ್ಞರ ದಿನಗೂಲಿ 96,000, ಸಲಕರಣೆ ಬಾಡಿಗೆ 59,000, ಕಲೆ, ಉಡುಪು ಮತ್ತು ಮನೆ ಬಾಡಿಗೆ 45,000, ಊಟ-ಓಡಾಟ-ವಾಸ್ತವ್ಯ 60,000, ಚಿತ್ರೀಕರಣದ ನಂತರದ ಕೆಲಸ 90,000. ಒಟ್ಟು 3,50,000. ಸಲಕರಣೆಯ 59,000ದಲ್ಲಿ ನಿಜವಾದ ಬಾಡಿಗೆ 50,000. ಉಳಿದ 9,000 ಶೇ. 18ರ ಜಿಎಸ್‌ಟಿ. ಬಾಡಿಗೆ ಅಂಗಡಿಯವರು ಫೋನಿನಲ್ಲಿ ಹೇಳುವ ದರದಲ್ಲಿ ತೆರಿಗೆ ಸೇರಿರುವುದು ಅಪರೂಪ. ಕೊಟೇಶನ್ ತರಿಸಿಕೊಳ್ಳದೆ ಬರೆದ ಬಜೆಟ್ ಮೊದಲು ಮುಗ್ಗರಿಸುವುದು ಇಲ್ಲಿ. ಕೊನೆಯ ಸಾಲಿನಲ್ಲಿ ಸಂಕಲನ, ಧ್ವನಿ ಮಿಶ್ರಣ, ಬಣ್ಣ ತಿದ್ದುವಿಕೆಯ ಜೊತೆಗೆ ಸಬ್‌ಟೈಟಲ್, ಚಿತ್ರಮಂದಿರದಲ್ಲಿ ತೋರಿಸಲು ಬೇಕಾದ ಡಿಸಿಪಿ, ದೃಶ್ಯಗಳ ಎರಡು ಪ್ರತಿ ಇಡಲು ಹಾರ್ಡ್‌ಡಿಸ್ಕ್ ಕೂಡ ಇರಬೇಕು. ಇವು ಚಿಕ್ಕ ಮೊತ್ತಗಳೇ, ಆದರೆ ಕೈಯಲ್ಲಿ ಕಾಸು ಮುಗಿದ ಮೇಲೆ ನೆನಪಾಗುವಂಥವು.

ಎರಡೂ ಭಾಗ ಸೇರಿದರೆ 4,50,000. ಅದರ ಮೇಲೆ ಶೇ. 10ರಂತೆ 45,000 ಅನಿರೀಕ್ಷಿತ ವೆಚ್ಚಕ್ಕೆ ಮೀಸಲು. ಒಟ್ಟು ಬಜೆಟ್ 4,95,000.

ಮೀಸಲು ಸಾಲುತ್ತದೆಯೇ ಎಂದು ನೋಡಲು ಗೆರೆಯೇ ನೆರವಾಗುತ್ತದೆ. ಮಳೆಯಿಂದ ಶೂಟಿಂಗ್ ಒಂದು ದಿನ ಮುಂದಕ್ಕೆ ಹೋಯಿತು ಎನ್ನೋಣ. ಮೇಲಿನ ಲಕ್ಷಕ್ಕೆ ಏನೂ ಆಗುವುದಿಲ್ಲ. ಕೆಳಗೆ ತಂತ್ರಜ್ಞರ ಒಂದು ದಿನ 32,000, ಸಲಕರಣೆ ಸುಮಾರು 19,700, ಊಟ-ಓಡಾಟ-ವಾಸ್ತವ್ಯ 20,000. ಮನೆ ಬಾಡಿಗೆ ಬಿಟ್ಟರೂ ಸುಮಾರು 71,700 ಆಯಿತು. 45,000ದ ಮೀಸಲು ಮುಗಿದು ಇನ್ನೂ 26,000ಕ್ಕಿಂತ ಹೆಚ್ಚು ಬೇಕು. ಶೇ. 10 ಎಂಬುದು ರೂಢಿಯ ಲೆಕ್ಕವಷ್ಟೆ. 3 ದಿನದ ಚಿತ್ರೀಕರಣಕ್ಕೆ ಅದು ಪೂರ್ತಿ ಒಂದು ದಿನವನ್ನೂ ತಡೆದುಕೊಳ್ಳುವುದಿಲ್ಲ. ಹೊರಾಂಗಣದ ದೃಶ್ಯಗಳನ್ನು ಮೊದಲ ದಿನವೇ ಇಟ್ಟುಕೊಂಡು, ಮಳೆ ಬಂದರೆ ಮನೆಯೊಳಗಿನ ದೃಶ್ಯಕ್ಕೆ ಸರಿಯುವಂತೆ ವೇಳಾಪಟ್ಟಿ ಮಾಡುವುದು ಮೀಸಲನ್ನು ಹಿಗ್ಗಿಸುವುದಕ್ಕಿಂತ ಅಗ್ಗದ ದಾರಿ.

ಅರ್ಜಿಗಳಲ್ಲಿ ಹೆಚ್ಚು ಎಡವಟ್ಟಾಗುವುದು ಗೆರೆಯ ಮೇಲ್ಭಾಗದಲ್ಲಿ. ತನ್ನದೇ ಚಿತ್ರ ಎಂದು ನಿರ್ದೇಶಕ ತನ್ನ ಸಂಭಾವನೆಯ ಎದುರು ಸೊನ್ನೆ ಬರೆಯುತ್ತಾನೆ. ಸಂಕೋಚದಿಂದ ಬರೆದ ಆ ಸೊನ್ನೆ ಚಿತ್ರದ ನಿಜವಾದ ಬೆಲೆಯನ್ನೇ ಮರೆಮಾಡುತ್ತದೆ. ಸರಿಯಾದ ಕ್ರಮವೆಂದರೆ ಖರ್ಚಿನ ಕಡೆ 40,000 ಬರೆದು, ಹಣದ ಮೂಲಗಳ ಕಡೆ ಅದೇ 40,000ವನ್ನು ನಿರ್ದೇಶಕನ ದುಡಿಮೆಯ ಪಾಲು ಎಂದು ತೋರಿಸುವುದು. ಆಗ ಕೇಳುವ ಅನುದಾನ 4,55,000. ಎರಡೂ ಬದಿ 4,95,000ಕ್ಕೆ ಸಮವಾಗುತ್ತವೆ. ಇಂಥ ಪಾಲನ್ನು ಒಪ್ಪುತ್ತಾರೋ ಇಲ್ಲವೋ ಎಂಬುದನ್ನು ಆಯಾ ಸಂಸ್ಥೆಯ ನಿಯಮದಲ್ಲಿ ನೋಡಿಕೊಳ್ಳಬೇಕು. ಅದೇ ನಿರ್ದೇಶಕ ಸಂಕಲನವನ್ನೂ ಮಾಡಿದರೆ ಆ ಕೂಲಿಯನ್ನು ಗೆರೆಯ ಕೆಳಗೆ ಬೇರೆಯಾಗಿ ಬರೆಯಬೇಕು, ಏಕೆಂದರೆ ಗೆರೆ ವಿಂಗಡಿಸುವುದು ಕೆಲಸವನ್ನು, ವ್ಯಕ್ತಿಯನ್ನಲ್ಲ.

ಸಂಗೀತ ನಿರ್ದೇಶಕನ ಜಾಗ ಎಲ್ಲೆಡೆ ಒಂದೇ ಅಲ್ಲ. ಅರ್ಜಿಯ ನಮೂನೆ ಎಲ್ಲಿ ಕೇಳುತ್ತದೋ ಅಲ್ಲೇ ಬರೆಯುವುದು ಕ್ಷೇಮ, ಎರಡೂ ಕಡೆ ಬರೆಯದಿದ್ದರೆ ಸಾಕು.

ಬಜೆಟ್ ಇಳಿಸಬೇಕಾದಾಗ ಕೈ ಮೊದಲು ಹೋಗುವುದು ಊಟದ ಸಾಲಿಗೆ. ಉದಾಹರಣೆಯಲ್ಲಿ 18 ಜನರಿಗೆ ದಿನಕ್ಕೆ ತಲೆಗೆ 500ರಂತೆ 3 ದಿನಕ್ಕೆ 27,000. ಇದನ್ನು ಅರ್ಧಕ್ಕೆ ಇಳಿಸಿದರೆ ಉಳಿಯುವುದು 13,500 ಮಾತ್ರ. ಕಡಿಮೆ ಕೂಲಿಗೆ ಒಪ್ಪಿಕೊಂಡು ಬಂದ ತಂಡ ಎರಡನೇ ದಿನವೇ ಮುನಿಸಿಕೊಳ್ಳುತ್ತದೆ. ದೃಶ್ಯಗಳನ್ನು ಹೊಂದಿಸಿ 3 ದಿನವನ್ನು ಎರಡೂವರೆಗೆ ತಂದರೆ ಉಳಿತಾಯ ಅದರ ಎರಡೂವರೆ ಪಟ್ಟಿಗೂ ಮಿಕ್ಕಿ ಆಗಬಹುದು, ಬಾಡಿಗೆಯವರು ಅರ್ಧ ದಿನದ ದರಕ್ಕೆ ಒಪ್ಪಿದರೆ.