20 ನಿಮಿಷಕ್ಕೊಂದು ಬಸ್ಸು: ಮಾತು ನಿಜವೇ ಎಂದು ಅಳೆಯುವ ಬಗೆ

ನಿಲ್ದಾಣದ ಫಲಕದಲ್ಲಿ ‘20 ನಿಮಿಷಕ್ಕೊಂದು ಬಸ್ಸು’ ಎಂದು ಬರೆದಿದೆ ಎಂದುಕೊಳ್ಳಿ. ಗಡಿಯಾರ ನೋಡದೆ ಅಲ್ಲಿಗೆ ಹೋಗುವವರು ಎಷ್ಟು ಹೊತ್ತು ಕಾಯಬೇಕಾದೀತು? ಬಸ್ಸು ತಪ್ಪದೆ ಬರುತ್ತಿದ್ದರೆ, ಕಾಯುವ ಹೊತ್ತು ಸೊನ್ನೆಯಿಂದ 20 ನಿಮಿಷದವರೆಗೆ ಎಲ್ಲಿ ಬೇಕಾದರೂ ಸಮಾನ ಸಂಭವದಲ್ಲಿ ಬೀಳುತ್ತದೆ. 5 ನಿಮಿಷದೊಳಗೆ ಬಸ್ಸು ಸಿಗುವ ಸಂಭವ ಕಾಲು ಭಾಗ, 10 ನಿಮಿಷದೊಳಗೆ ಅರ್ಧ, 20ರೊಳಗೆ ಪೂರ್ತಿ. ಇದನ್ನು ಗ್ರಾಫ್ ಹಾಳೆಯಲ್ಲಿ ಬರೆದರೆ ಸೊನ್ನೆಯಿಂದ ಒಂದರವರೆಗೆ ಏರುವ ನೇರ ಗೆರೆ ಬರುತ್ತದೆ.

ಬರೀ ಸರಾಸರಿ ನೋಡಿದರೆ ಸಾಲದು. ಪ್ರತಿ ಸಲವೂ ಸರಿಯಾಗಿ 10 ನಿಮಿಷವೇ ಕಾದರೂ ಸರಾಸರಿ 10 ಆಗುತ್ತದೆ, ಆದರೆ ಅದು ಫಲಕದ ಮಾತಿಗೆ ಹೊಂದುವುದೇ ಇಲ್ಲ. ಸಿಕ್ಕ ಅಂಕಿಗಳ ಇಡೀ ಹಂಚಿಕೆಯನ್ನೇ ಗೆರೆಯ ಪಕ್ಕದಲ್ಲಿಟ್ಟು ನೋಡಬೇಕು.

ಬೇರೆಬೇರೆ ದಿನ, ಬೇರೆಬೇರೆ ಹೊತ್ತಿನಲ್ಲಿ ಹತ್ತು ಸಲ ಹೋಗಿ ಬರೆದುಕೊಂಡ ನಿಮಿಷಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಹೀಗೆ ಬಂತೆನ್ನಿ: 2, 7, 9, 12, 13, 15, 16, 17, 18, 19. ಎಡದಿಂದ ಬಲಕ್ಕೆ ಗೆರೆ ಎಳೆಯುತ್ತಾ ಹೋಗಿ. ಒಂದೊಂದು ಅಂಕಿ ಎದುರಾದಾಗಲೂ ಹತ್ತನೇ ಒಂದರಷ್ಟು ಮೇಲಕ್ಕೆ ಹತ್ತಿ, ಮುಂದಿನ ಅಂಕಿಯವರೆಗೆ ಸಮತಟ್ಟಾಗಿ ಸಾಗಿ. ಹೀಗೆ ಮೂಡುವ ಮೆಟ್ಟಿಲುಸಾಲೇ ಎಂಪಿರಿಕಲ್ ಡಿಸ್ಟ್ರಿಬ್ಯೂಷನ್ ಫಂಕ್ಷನ್, ಅಂದರೆ ಅನುಭವಾಧಾರಿತ ವಿತರಣಾ ಫಲನ. ಯಾವುದೇ ನಿಮಿಷದಲ್ಲಿ ಅದರ ಎತ್ತರ ಹೇಳುವುದು ಒಂದೇ ವಿಷಯ: ಅಷ್ಟು ಹೊತ್ತಿನೊಳಗೆ ಎಷ್ಟು ಪಾಲು ಸಲ ಬಸ್ಸು ಬಂದಿತ್ತು?

ಈಗ ನೇರ ಗೆರೆಗೂ ಮೆಟ್ಟಿಲಿಗೂ ನಡುವೆ ಲಂಬವಾಗಿ ಅತಿ ದೊಡ್ಡ ಅಂತರ ಎಲ್ಲಿದೆ ಎಂದು ಹುಡುಕಬೇಕು. ಅವಸರ ಮಾಡುವವರು ಎಡವುವುದು ಇಲ್ಲೇ. 12ನೇ ನಿಮಿಷಕ್ಕೆ ಗೆರೆಯ ಎತ್ತರ 0.60. ಮೆಟ್ಟಿಲು ಹತ್ತಿದ ಮೇಲಿನ ಎತ್ತರ 0.40, ಆದ್ದರಿಂದ ಅಂತರ 0.20 ಎಂದು ಬರೆದುಬಿಡುತ್ತಾರೆ. ಆದರೆ ಆ ಮೆಟ್ಟಿಲು ಹತ್ತುವ ಕ್ಷಣದ ಮುಂಚೆ ಎತ್ತರ 0.30 ಅಷ್ಟೇ ಇತ್ತು, ಅಲ್ಲಿ ಅಂತರ 0.30. ಪ್ರತಿ ಮೆಟ್ಟಿಲಿನ ಕೆಳತುದಿ, ಮೇಲ್ತುದಿ ಎರಡನ್ನೂ ಅಳೆಯಲೇಬೇಕು. ನಮ್ಮ ಲೆಕ್ಕದಲ್ಲಿ ಅತಿ ದೊಡ್ಡ ಅಂತರ ಇದೇ 0.30.

ಇದು ಹೆಚ್ಚೋ ಕಡಿಮೆಯೋ? ಇದಕ್ಕೆ ಉತ್ತರ ಕೊಟ್ಟವರು ರಷ್ಯಾದ ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್, 1933ರಲ್ಲಿ, ಇಟಲಿಯ ವಿಮಾಗಣಿತ ಪತ್ರಿಕೆಯೊಂದರಲ್ಲಿ. ಮುಂದೆ ನಿಕೊಲಾಯ್ ಸ್ಮಿರ್ನೊವ್ ಇದನ್ನು ಬೆಳೆಸಿ 1948ರಲ್ಲಿ ಬಳಕೆಯ ಪಟ್ಟಿ ಪ್ರಕಟಿಸಿದರು. ಅದಕ್ಕೇ ಇದನ್ನು ಕೊಲ್ಮೊಗೊರೊವ್–ಸ್ಮಿರ್ನೊವ್ ಪರೀಕ್ಷೆ ಎನ್ನುತ್ತಾರೆ. ನನಗೆ ಇದರಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಒಂದೇ ಪಟ್ಟಿ ಎಲ್ಲ ಬಗೆಯ ಅವಿಚ್ಛಿನ್ನ ವಿತರಣೆಗಳಿಗೂ ಸಾಕಾಗುವುದು. ಗ್ರಾಫ್ ಹಾಳೆ ರಬ್ಬರಿನದೆಂದು ಭಾವಿಸಿ. ಅದನ್ನು ಅಡ್ಡಕ್ಕೆ ಹೇಗೆ ಎಳೆದರೂ, ಎಲ್ಲಿ ಕುಗ್ಗಿಸಿದರೂ, ಲಂಬ ಅಂತರಗಳು ಹಾಗೇ ಉಳಿಯುತ್ತವೆ. ಡೊಂಕು ಗೆರೆಯನ್ನು ಹೀಗೆ ಎಳೆದು ನೇರ ಮಾಡಿಕೊಳ್ಳಬಹುದಾದ್ದರಿಂದ, ನೇರ ಗೆರೆಗೆ ಹಾಕಿದ ಲೆಕ್ಕವೇ ಅದಕ್ಕೂ ಸಲ್ಲುತ್ತದೆ.

ಹತ್ತು ಅಂಕಿಗಳಿಗೆ ಪಟ್ಟಿ ಕೊಡುವ ಮಿತಿ 0.409. ಫಲಕದ ಮಾತು ನಿಜವಿದ್ದಾಗಲೂ, ಬರೀ ಆಕಸ್ಮಿಕದಿಂದ ಅಂತರ ಇದನ್ನು ದಾಟುವುದು ನೂರಕ್ಕೆ ಐದು ಸಲ ಮಾತ್ರ. ನಮ್ಮ 0.30 ಇದರೊಳಗಿದೆ, ಆದ್ದರಿಂದ ಫಲಕ ಸುಳ್ಳು ಎನ್ನಲು ಆಧಾರ ಸಾಲದು. ಹಾಗೆಂದು ಅದು ನಿಜವೆಂದು ಸಾಬೀತಾಗಲಿಲ್ಲ. 40 ಸಲ ಬರೆದುಕೊಂಡೂ ಅಂತರ ಅದೇ 0.30 ಇದ್ದಿದ್ದರೆ ತೀರ್ಪು ತಿರುಗಿಬೀಳುತ್ತಿತ್ತು, ಏಕೆಂದರೆ ಆಗ ಮಿತಿ 0.21ಕ್ಕೆ ಇಳಿಯುತ್ತದೆ. ಅಂಕಿಗಳು ಹೆಚ್ಚಿದ್ದಾಗ 1.36ನ್ನು ಅಂಕಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಮಿತಿ ಹೆಚ್ಚುಕಡಿಮೆ ಸಿಗುತ್ತದೆ.

ಈ ಪರೀಕ್ಷೆಯ ಕಣ್ಣು ನಡುಭಾಗದಲ್ಲಿ ಚುರುಕು, ತುದಿಗಳಲ್ಲಿ ಮಂಕು. ಎರಡೂ ಗೆರೆಗಳು ಒಂದು ಕೊನೆಯಲ್ಲಿ ಸೊನ್ನೆಗೆ, ಇನ್ನೊಂದು ಕೊನೆಯಲ್ಲಿ ಒಂದಕ್ಕೆ ಬಂದು ಸೇರಲೇಬೇಕು, ಹಾಗಾಗಿ ಅಲ್ಲಿ ದೊಡ್ಡ ಅಂತರಕ್ಕೆ ಜಾಗವೇ ಇಲ್ಲ. ಅಪರೂಪದ ಮಹಾಮಳೆಯಂಥ ತುದಿಯ ಅಂಕಿಗಳೇ ಮುಖ್ಯವಾದಾಗ ತುದಿಗಳಿಗೆ ಹೆಚ್ಚು ತೂಕ ಕೊಡುವ ಆ್ಯಂಡರ್ಸನ್–ಡಾರ್ಲಿಂಗ್ ಪರೀಕ್ಷೆ ಒಳ್ಳೆಯದು.

ಇದಕ್ಕಿಂತ ಗಂಭೀರವಾದದ್ದು, ಸಂಶೋಧನಾ ಪ್ರಬಂಧಗಳಲ್ಲೂ ನುಸುಳುವ ಒಂದು ತಪ್ಪು. ಫಲಕದ 20 ನಿಮಿಷ ನಮಗೆ ಮೊದಲೇ ಗೊತ್ತಿತ್ತು. ಆದರೆ ‘ಈ ಅಂಕಗಳು ನಾರ್ಮಲ್ ವಿತರಣೆಯವೇ?’ ಎಂದು ಕೇಳುವವರು ಸಾಮಾನ್ಯವಾಗಿ ಸರಾಸರಿಯನ್ನೂ ಹರವನ್ನೂ ಅದೇ ಅಂಕಗಳಿಂದ ಲೆಕ್ಕ ಹಾಕಿ ಗೆರೆ ಎಳೆಯುತ್ತಾರೆ. ಅಂಕಗಳನ್ನು ನೋಡಿಯೇ ಎಳೆದ ಗೆರೆ ಅವುಗಳ ಹತ್ತಿರ ಇರುವುದು ಸಹಜ, ಆಗ ಹಳೆಯ ಮಿತಿ ವಿಪರೀತ ಸಡಿಲವಾಗುತ್ತದೆ. 1967ರಲ್ಲಿ ಹ್ಯೂಬರ್ಟ್ ಲಿಲಿಫೋರ್ಸ್ ಇದಕ್ಕೆಂದೇ ಬೇರೆ ಪಟ್ಟಿ ಕೊಟ್ಟರು. ಅದರಲ್ಲಿ ಹತ್ತು ಅಂಕಿಗಳ ಮಿತಿ 0.409 ಅಲ್ಲ, ಸುಮಾರು 0.26. ಯಾರಾದರೂ ‘ಕೆ.ಎಸ್. ಪರೀಕ್ಷೆಯಲ್ಲಿ ನಾರ್ಮಲ್ ಎಂದು ಬಂದಿದೆ’ ಎಂದರೆ, ಸರಾಸರಿಯನ್ನು ಎಲ್ಲಿಂದ ತಂದಿರಿ ಎಂದು ಕೇಳಿ. ಅದೇ ಅಂಕಿಗಳಿಂದ ತಂದು ಹಳೆಯ ಪಟ್ಟಿ ಬಳಸಿದ್ದರೆ ಆ ಫಲಿತಾಂಶವನ್ನು ಒಪ್ಪಬೇಡಿ.